ಅಕ್ಷಯ ತೃತೀಯದ ಪೆಂಡಾಲು: ಮಳೆಯ ಲೆಕ್ಕ ನೋಡುವ ಬಗೆ

ದಡ್ಡಿ, ಹುಕ್ಕೇರಿ, ಗೋಕಾಕ ಭಾಗದಲ್ಲಿ ಅಕ್ಷಯ ತೃತೀಯದ ಪೂಜೆಗೆ, ಮದುವೆಗೆ ಬಯಲಲ್ಲಿ ಪೆಂಡಾಲು ಹಾಕುವ ದಿನಗಳಲ್ಲೇ ಗುಡುಗು-ಗಾಳಿಯ ಅಡ್ಡಮಳೆಯೂ ಬರುತ್ತದೆ.

ತಿಥಿಯ ತಾರೀಖು ಪ್ರತಿವರ್ಷ ಬದಲಾಗುತ್ತದೆ. 2024ರಲ್ಲಿ ಮೇ 10 ಇದ್ದದ್ದು 2025ರಲ್ಲಿ ಏಪ್ರಿಲ್ 30ಕ್ಕೆ ಬಂತು. ಆದ್ದರಿಂದ ಹಿಂದಿನ ಹಬ್ಬಗಳ ಮಳೆ ನೋಡದೆ, ಈ ವರ್ಷದ ತಾರೀಖಿನ ಹಿಂದುಮುಂದಿನ ಒಂದೊಂದು ವಾರವನ್ನು ಹತ್ತು ವರ್ಷಗಳ ದಾಖಲೆಯಲ್ಲಿ ನೋಡಬೇಕು. ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, 10ರ ಸಂಜೆ ಸುರಿದದ್ದು 11ರ ಲೆಕ್ಕಕ್ಕೆ ಸೇರುತ್ತದೆ.

ಅಡ್ಡಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಪೂಜೆ, ಊಟ ಅದರೊಳಗೆ ಮುಗಿಯಲಿ. ಹತ್ತಿರದ ಸಭಾಭವನ ಮೊದಲೇ ಹೇಳಿಟ್ಟು, ಐದು ದಿನ ಮುಂಚಿನಿಂದ ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆಯನ್ನು ದಿನವೂ ನೋಡಬೇಕು. ಅಂದು ಮೂರು ಗಂಟೆಗಳ ಮುನ್ಸೂಚನೆಯಲ್ಲಿ ಗುಡುಗು-ಗಾಳಿ ಎಂದಿದ್ದರೆ ಜನರನ್ನು ಕೂಡಲೇ ಕಟ್ಟಡದೊಳಗೆ ಕಳಿಸಬೇಕು. ತಾಡಪತ್ರಿ ಮಳೆ ತಡೆದೀತು, ಗಾಳಿ ತಡೆಯದು.