ನಾನೂರು ರಿವ್ಯೂ, ನಾಲ್ಕು ಸಾಲು

ಆನ್‌ಲೈನ್‌ನಲ್ಲಿ ಮಿಕ್ಸಿ ಕೊಳ್ಳುವವರು ನಾನೂರು ರಿವ್ಯೂ ಓದುತ್ತ ಕೂರುವುದಿಲ್ಲ. ಅವುಗಳ ಸಾರವೆಂದು ಮೇಲೆ ಹಾಕಿರುವ ನಾಲ್ಕು ಸಾಲು ನೋಡಿ ದುಡ್ಡು ಕೊಡುತ್ತಾರೆ. ಹೊಗಳಿದವರೆಷ್ಟು, ಬೈದವರೆಷ್ಟು ಎಂದು ಎಣಿಸಿಬಿಟ್ಟರೆ ಆ ನಾಲ್ಕು ಸಾಲು ನ್ಯಾಯವಾಗಿ ಬರುವುದಿಲ್ಲ.

750 ವ್ಯಾಟ್‌ನ ಒಂದು ಮಿಕ್ಸಿಗೆ 400 ರಿವ್ಯೂ ಬಂದಿವೆ ಎಂದುಕೊಳ್ಳೋಣ. ಮೊದಲ ಕೆಲಸ ಜಾಲಿಸುವುದು. ‘ಡಬ್ಬ ಹರಿದು ಬಂತು’, ‘ಮೂರು ದಿನ ತಡ’ ಎಂಬವು ಸಾಗಣೆಯ ದೂರುಗಳು. ಅವನ್ನು ಬೇರೆ ಇಡಬೇಕು. ಅದೇ ಪುಟದಲ್ಲಿ 500 ವ್ಯಾಟ್ ಮಾದರಿಯ ಮಾತೂ ಸೇರಿಕೊಂಡಿರುತ್ತದೆ, ಅದನ್ನೂ ತೆಗೆಯಬೇಕು. ಪದಪದವೂ ಒಂದೇ ಆಗಿರುವ ಹೊಗಳಿಕೆಗಳು ಬೇರೆ ಬೇರೆ ಹೆಸರಲ್ಲಿ ಒಂದೇ ವಾರ ಬಂದಿದ್ದರೆ ಅನುಮಾನಪಡಲೇಬೇಕು. ಹೀಗೆ ಉಳಿದದ್ದು 340.

ಇನ್ನು ಸ್ಟಾರ್‌ಗಳನ್ನು ಬದಿಗಿಟ್ಟು ಮಾತನ್ನೇ ಓದಬೇಕು. ‘ಚಟ್ನಿ ನುಣ್ಣಗಾಗುತ್ತೆ, ಸದ್ದು ಮಾತ್ರ ವಿಪರೀತ’ ಎಂದವರು ಐದು ಸ್ಟಾರನ್ನೇ ಕೊಟ್ಟಿರಬಹುದು. ಆ ಒಂದು ರಿವ್ಯೂ ರುಬ್ಬುವಿಕೆಯ ಗುಣಕ್ಕೂ ಸದ್ದಿನ ದೂರಿಗೂ ಲೆಕ್ಕಕ್ಕೆ ಬರುತ್ತದೆ. ಸರಾಸರಿ ಸ್ಟಾರ್ ನೋಡಿದವರಿಗೆ ಸದ್ದಿನ ವಿಷಯ ಗೊತ್ತೇ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕಾಲದ ವಿಚಾರದಲ್ಲಿ. ಬಹುಪಾಲು ರಿವ್ಯೂಗಳು ಮಿಕ್ಸಿ ಮನೆಗೆ ಬಂದ ಮೊದಲ ವಾರಗಳಲ್ಲೇ ಬರೆದವು. ಜಾರಿನ ತಳದಲ್ಲಿ ಮೋಟರಿಗೆ ಕಚ್ಚಿಕೊಳ್ಳುವ ಕಪ್ಲರ್ ಸವೆಯುವುದು ತಿಂಗಳುಗಳು ಕಳೆದ ಮೇಲೆ. ನಮ್ಮ 340 ರಿವ್ಯೂಗಳಲ್ಲಿ ಕಪ್ಲರ್ ಸವೆಯಿತೆಂದವರು 15 ಮಂದಿ, ಅಂದರೆ ನೂರಕ್ಕೆ ನಾಲ್ಕೈದು. ಸಣ್ಣ ದೂರೆಂದು ಬಿಟ್ಟುಬಿಡುವಷ್ಟೇ. ಆದರೆ ಆರು ತಿಂಗಳು ಬಳಸಿದ್ದೇವೆ ಎಂದು ಹೇಳಿಕೊಂಡವರೇ ಒಟ್ಟು 50. ಆ 15 ಮಂದಿಯೂ ಇವರಲ್ಲೇ ಇದ್ದಾರೆ. ಅಲ್ಲಿಗೆ ನೂರಕ್ಕೆ ಮೂವತ್ತಾಯಿತು!

ಹಾಗೆಂದು ‘ಮೂವತ್ತು ಶೇಕಡಾ ಮಿಕ್ಸಿಗಳು ಕೆಡುತ್ತವೆ’ ಎಂದು ಬರೆಯುವುದೂ ತಪ್ಪು. ತಿಂಗಳುಗಳ ಮೇಲೆ ಮರಳಿ ಬಂದು ಬರೆಯುವವರಲ್ಲಿ ಕೆಟ್ಟು ಬೇಸತ್ತವರೇ ಹೆಚ್ಚಿರಬಹುದು. ಸುಮ್ಮನೆ ಚೆನ್ನಾಗಿ ನಡೆಯುತ್ತಿರುವವರು ಯಾಕೆ ಬರೆಯುತ್ತಾರೆ? ಆದ್ದರಿಂದ ಕಂಡಷ್ಟನ್ನೇ ಹೇಳಬೇಕು:

‘ಚಟ್ನಿ, ಮಸಾಲೆ ನುಣ್ಣಗಾಗುತ್ತದೆ ಎಂದು ಹೆಚ್ಚಿನವರು ಮೆಚ್ಚಿದ್ದಾರೆ. ಸದ್ದು ಜೋರು ಎಂದು ಮೆಚ್ಚಿದವರಲ್ಲೂ ಹಲವರು ಹೇಳಿದ್ದಾರೆ. ಆರು ತಿಂಗಳು ದಾಟಿ ಬಳಸಿ ಬರೆದ 50 ಜನರಲ್ಲಿ 15 ಮಂದಿಗೆ ಕಪ್ಲರ್ ಸವೆದಿದೆ. ಚಿಕ್ಕ ಮನೆಯ ದಿನಬಳಕೆಗೆ ಸರಿ. ದಿನವೂ ಹೆಚ್ಚು ರುಬ್ಬುವವರು ಬಿಡಿಭಾಗ ಸಿಗುತ್ತದೆಯೇ ವಿಚಾರಿಸಿ ಕೊಳ್ಳಲಿ.’

ಬರೆದಾದ ಮೇಲೆ ಪ್ರತಿ ಸಾಲಿಗೂ ಆಧಾರದ ರಿವ್ಯೂಗಳನ್ನು ತೆಗೆದು ತೋರಿಸಲು ಆಗಬೇಕು. ಇಲ್ಲೇ ನೋಡಿ, ‘ಚಿಕ್ಕ ಮನೆ’ ಎಂದದ್ದಕ್ಕೆ ಆಧಾರವೇನು? ಮನೆಯಲ್ಲಿ ಎಷ್ಟು ಜನ ಎಂದು ರಿವ್ಯೂಗಳಲ್ಲಿ ಯಾರೂ ಹೇಳಿರದಿದ್ದರೆ ಆ ಮಾತನ್ನು ಅಳಿಸಲೇಬೇಕು. ರಿವ್ಯೂಗಳನ್ನು ಹೇಗೆ ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸಬೇಕೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿದೆ. ಸಾರಾಂಶಕ್ಕೂ ದಿನಾಂಕ ಹಾಕಬೇಕು ಎಂಬುದು ನನ್ನ ಒತ್ತಾಯ. ನಾಳೆ ತಯಾರಕರು ಗಟ್ಟಿ ಕಪ್ಲರ್ ಹಾಕಿದರೆ ಆ 15 ದೂರುಗಳು ಹಳೆಯ ಮಿಕ್ಸಿಯವು, ಹೊಸದರ ಮೇಲೆ ಹೊರಿಸುವಂತಿಲ್ಲ.