ಬೆರಳ ತುದಿಯ 98

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಚಿಕ್ಕ ಬಚ್ಚಲುಮನೆ, ಒಳಗೇ ಗ್ಯಾಸ್ ಗೀಸರ್, ಚಳಿಗೆಂದು ಮುಚ್ಚಿದ ಕಿಟಕಿ. ಸ್ನಾನಕ್ಕೆ ಹೋದ ಹುಡುಗಿ ತಲೆ ಸಿಡೀತಿದೆ ಎನ್ನುತ್ತ ಹೊರಬಂದು ವಾಂತಿ ಮಾಡಿಕೊಳ್ಳುತ್ತಾಳೆ. ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಅಪ್ಪ ಹುಡುಕಿ ತಂದು ಅವಳ ಬೆರಳಿಗೆ ಸಿಕ್ಕಿಸುತ್ತಾನೆ. 98. “ಏನಿಲ್ಲ ಪುಟ್ಟಿ, ಪಿತ್ತ ಆಗಿರಬೇಕು, ಸ್ವಲ್ಪ ಮಲ್ಕೋ.”

ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲೂ ಆಮ್ಲಜನಕ ಕೂರಲು ನಾಲ್ಕು ಜಾಗಗಳಿವೆ. ಈ ಅನಿಲ ಅದೇ ಜಾಗಗಳನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಕೂತ ಮೇಲೆ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಪಕ್ಕದ ಜಾಗಗಳಲ್ಲಿ ಉಳಿದ ಆಮ್ಲಜನಕವನ್ನು ಹಿಮೋಗ್ಲೋಬಿನ್ ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡದಂತಾಗುತ್ತದೆ. ಹಾಗಾಗಿ ರಕ್ತಹೀನತೆಯಿಂದ ಹಿಮೋಗ್ಲೋಬಿನ್ ನೂರಕ್ಕೆ ಮೂವತ್ತು ಭಾಗ ಕಡಿಮೆಯಿರುವವರಿಗಿಂತ ಅಷ್ಟೇ ಭಾಗ ಹಿಮೋಗ್ಲೋಬಿನ್ ಹೀಗೆ ಸಿಕ್ಕಿಬಿದ್ದವರ ಸ್ಥಿತಿ ಕೆಟ್ಟದು.

ಹಾಗಾದರೆ 98 ಎಲ್ಲಿಂದ ಬಂತು? ಆಕ್ಸಿಮೀಟರ್ ಆಮ್ಲಜನಕವನ್ನು ನೋಡುವುದಿಲ್ಲ, ಬಣ್ಣವನ್ನು ನೋಡುತ್ತದೆ. ಸುಮಾರು 660 ನ್ಯಾನೊಮೀಟರಿನ ಕೆಂಪು, 940ರ ಅವಗೆಂಪು, ಈ ಎರಡೇ ಬೆಳಕನ್ನು ಬೆರಳಿನ ಮೂಲಕ ಹಾಯಿಸುತ್ತದೆ. ಖಾಲಿ ಹಿಮೋಗ್ಲೋಬಿನ್ ಕಪ್ಪುಗೆಂಪು, ಕೆಂಪು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಆಮ್ಲಜನಕ ಹೊತ್ತದ್ದು ಬಹುಪಾಲನ್ನು ಹಾಗೇ ಬಿಡುತ್ತದೆ. ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನೂ ಹಾಗೆಯೇ ಬಿಡುತ್ತದೆ, ಅದೂ ಚೆರ್ರಿ ಹಣ್ಣಿನಂತೆ ಕೆಂಪು. ಎರಡೇ ಬೆಳಕಿರುವ ಯಂತ್ರಕ್ಕೆ ಎರಡೇ ಬಗೆ ಗೊತ್ತು. ಮೂರನೆಯದು ಬಂದರೆ ಕೆಂಪಿನ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಆ ಹುಡುಗಿಯ ನೂರು ಜಾಗಗಳಲ್ಲಿ 68ರಲ್ಲಿ ಆಮ್ಲಜನಕ, 30ರಲ್ಲಿ ಮಾನಾಕ್ಸೈಡ್, 2 ಖಾಲಿ ಎನ್ನಿ. ಯಂತ್ರ 68ಕ್ಕೆ 30 ಕೂಡಿಸಿದಂತೆ ಓದುತ್ತದೆ. 1987ರಲ್ಲಿ ಬಾರ್ಕರ್ ಮತ್ತು ಟ್ರೆಂಪರ್ ಎಂಬ ಸಂಶೋಧಕರು ನಾಯಿಗಳಲ್ಲಿ ಇದನ್ನು ಅಳೆದರು. ನೂರಕ್ಕೆ ಎಪ್ಪತ್ತು ಭಾಗ ಹಿಮೋಗ್ಲೋಬಿನ್ ಮಾನಾಕ್ಸೈಡ್ ಪಾಲಾಗಿದ್ದಾಗಲೂ ಆಕ್ಸಿಮೀಟರ್ 90ರ ಆಸುಪಾಸಿನಲ್ಲಿತ್ತು.

ಯಂತ್ರವನ್ನು ಮಾತ್ರ ಬೈದು ಫಲವಿಲ್ಲ, ನಮ್ಮ ದೇಹವೂ ಮೋಸಹೋಗುತ್ತದೆ. ಕತ್ತಿನ ಧಮನಿಯ ಬಳಿಯ ಸಂವೇದಕಗಳು ಗಮನಿಸುವುದು ರಕ್ತದ್ರವದಲ್ಲಿ ಕರಗಿದ ಆಮ್ಲಜನಕದ ಒತ್ತಡವನ್ನು. ಅದು ಇಲ್ಲಿ ಸರಿಯಾಗಿಯೇ ಇರುತ್ತದೆ. ಆದ್ದರಿಂದಲೇ ಎಷ್ಟೋ ಮಂದಿಗೆ ಉಸಿರು ಕಟ್ಟುವುದಿಲ್ಲ, ಬರೀ ತಲೆನೋವು, ವಾಕರಿಕೆ, ಮಂಪರು.

ಗುಟ್ಟು ಹೊರಬೀಳುವುದು ಆಸ್ಪತ್ರೆಯ ಕೋ-ಆಕ್ಸಿಮೀಟರಿನಲ್ಲಿ. ಅದು ರಕ್ತದ ಮಾದರಿಗೆ ಹಲವು ತರಂಗಾಂತರಗಳ ಬೆಳಕು ಹಾಯಿಸಿ ಒಂದೊಂದು ಬಗೆಯನ್ನೂ ಬೇರೆಬೇರೆ ಎಣಿಸುತ್ತದೆ. ಆದರೆ ಆ ಪರೀಕ್ಷೆ ಬರೆಸಲು ವೈದ್ಯರಿಗೆ ಮೊದಲು ಅನುಮಾನ ಬರಬೇಕು. “ಗೀಸರ್ ಇದ್ದ ಬಚ್ಚಲಿಂದ ಬಂದಳು” ಅಥವಾ “ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು” ಎಂಬ ಮಾತು ಅಲ್ಲಿ ಕ್ಲಿಪ್ಪಿನ ಸಂಖ್ಯೆಗಿಂತ ಬೆಲೆಯುಳ್ಳದ್ದು. ಬರಿಯ ಗಾಳಿಯಲ್ಲಿ ಈ ಅನಿಲ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಗೆಲ್ಲ 30 ಇದ್ದದ್ದು 15 ಆಗುತ್ತದೆ. ಅಷ್ಟು ಹೊತ್ತೂ ಬೆರಳಿನ ಕ್ಲಿಪ್ಪಿನಲ್ಲಿ ಹೆಚ್ಚುಕಮ್ಮಿ ಅದೇ ಸಂಖ್ಯೆ.