ಇಪ್ಪತ್ತು ಗುಂಡು, ಒಂದು ಮೀಟರ್ ತಂತಿ

ಇಷ್ಟು ಲೋಹದ ಗುಂಡುಗಳನ್ನು ಕರಗಿಸಿ ಇಷ್ಟು ಉದ್ದದ ತಂತಿ ಮಾಡಿದರೆ ಅದರ ದಪ್ಪ ಎಷ್ಟು? ಹತ್ತನೇ ತರಗತಿಯ ಘನಫಲದ ಪಾಠ ಓದಿದವರಿಗೆಲ್ಲ ಈ ಲೆಕ್ಕ ಪರಿಚಿತ. ಅಕ್ಕಸಾಲಿಗರಿಗೆ ಇದು ನಿತ್ಯದ ಕೆಲಸ.

22 ಕ್ಯಾರೆಟ್ ಚಿನ್ನದ 20 ಗುಂಡುಗಳಿವೆ, ಒಂದೊಂದರ ವ್ಯಾಸ 3 ಮಿಲಿಮೀಟರ್ ಎನ್ನೋಣ. ಬೇಕಾದದ್ದು ಒಂದು ಮೀಟರ್ ತಂತಿ. ಪಠ್ಯದ ದಾರಿಯಲ್ಲಿ ಹೋದರೆ ಪೈ, ಘನ, ಭಿನ್ನರಾಶಿ ಎಲ್ಲ ಬರುತ್ತವೆ. ಆರ್ಕಿಮಿಡೀಸ್ ತೋರಿಸಿಕೊಟ್ಟ ಒಂದು ಸಂಗತಿ ಹಿಡಿದರೆ ಅಷ್ಟೆಲ್ಲ ಬೇಡ. ಗುಂಡನ್ನು ಅದೇ ವ್ಯಾಸದ ಉರುಳೆಯಾಗಿಸಿದರೆ ಅದರ ಉದ್ದ ವ್ಯಾಸದ ಮೂರರಲ್ಲಿ ಎರಡು ಪಾಲು ಬರುತ್ತದೆ. ಅಂದರೆ ನಮ್ಮ ಒಂದು ಗುಂಡು 3 ಮಿ.ಮೀ. ದಪ್ಪ, 2 ಮಿ.ಮೀ. ಉದ್ದದ ತುಂಡಿಗೆ ಸಮ. ಇಪ್ಪತ್ತನ್ನೂ ಸಾಲಾಗಿ ಜೋಡಿಸಿದರೆ 40 ಮಿ.ಮೀ. ಉದ್ದದ ಕಂಬಿ. ಅದು 1000 ಮಿ.ಮೀ. ಆಗಬೇಕಾದರೆ 25 ಪಟ್ಟು ಹಿಗ್ಗಬೇಕು. 25ರ ವರ್ಗಮೂಲ 5; ಆದ್ದರಿಂದ ದಪ್ಪ ಐದರಲ್ಲೊಂದು ಪಾಲಿಗೆ, 0.6 ಮಿ.ಮೀ.ಗೆ ಇಳಿಯುತ್ತದೆ. ಇಲ್ಲೇ ಹಲವರು ಎಡವುವುದು: ಉದ್ದ ಇಮ್ಮಡಿಸಿದರೆ ದಪ್ಪ ಅರ್ಧವಾಗುವುದಿಲ್ಲ. ದಪ್ಪ ಅರ್ಧವಾಗಲು ಉದ್ದ ನಾಲ್ಕು ಪಟ್ಟಾಗಬೇಕು.

ಪಠ್ಯದಲ್ಲಿ ಕರಗಿದ ಲೋಹ ನೇರವಾಗಿ ತಂತಿಯಾಗಿಬಿಡುತ್ತದೆ. ಕೆಲಸದ ಜಾಗದಲ್ಲಿ ಹಾಗಲ್ಲ. ಅಷ್ಟು ಸಣ್ಣ ಅಚ್ಚಿಗೆ ಸುರಿದರೆ ಲೋಹ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಮೂಸೆಯಲ್ಲಿ ಬಿಳಿಗಾರ ಹಾಕಿ ಕರಗಿಸಿದ ಚಿನ್ನವನ್ನು ಮೊದಲು ಗಿಡ್ಡ ಕಂಬಿಯಾಗಿ ಎರಕ ಹೊಯ್ದು, ಬಡಿದು ಸಣ್ಣದಾಗಿಸುತ್ತಾರೆ. ಆಮೇಲೆ ಕಂಬಚ್ಚಿನ, ಅಂದರೆ ತೂತುಗಳಿರುವ ಉಕ್ಕಿನ ಪಟ್ಟಿಯ, ಒಂದೊಂದೇ ತೂತಿನಲ್ಲಿ ತೂರಿಸಿ ಇಕ್ಕಳದಿಂದ ಎಳೆಯುತ್ತಾರೆ. ಎಳೆದಷ್ಟೂ ಚಿನ್ನ ಬಿರುಸಾಗುತ್ತದೆ. ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ತುಂಡಾಗುತ್ತದೆ.

ಕಂಬಚ್ಚಿನ ಕೊನೆಯ ತೂತು ಸವೆದು 0.62 ಮಿ.ಮೀ. ಆಗಿದ್ದರೆ? ಕಣ್ಣಿಗೆ ಕಾಣದ ವ್ಯತ್ಯಾಸ, ಆದರೆ ತಂತಿ ಸುಮಾರು 94 ಸೆಂಟಿಮೀಟರಿಗೇ ಮುಗಿಯುತ್ತದೆ. ಇಕ್ಕಳ ಕಚ್ಚಿದ ತುದಿಯನ್ನೂ ಕತ್ತರಿಸಿ ತೆಗೆಯಬೇಕು. ಅದು ಬೇರೆ ಲೆಕ್ಕ.

ಇದಕ್ಕಿಂತ ದೊಡ್ಡ ತೊಡಕೆಂದರೆ, ಒಡವೆಯ ಗುಂಡುಗಳಲ್ಲಿ ಹೆಚ್ಚಿನವು ಒಳಗೆ ಪೊಳ್ಳು. ಹೊರಗೆ ಅದೇ 3 ಮಿ.ಮೀ. ಇದ್ದು, ತಗಡಿನ ದಪ್ಪ 0.2 ಮಿ.ಮೀ. ಮಾತ್ರ ಇದ್ದರೆ, ಗಟ್ಟಿ ಗುಂಡಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಚಿನ್ನವಷ್ಟೇ ಅದರಲ್ಲಿರುತ್ತದೆ. ಒಂದು ಮೀಟರ್ ಎಂದು ಲೆಕ್ಕ ಹಾಕಿದವರಿಗೆ ಸಿಗುವುದು ಸುಮಾರು 35 ಸೆಂಟಿಮೀಟರ್. ಹೀಗಾಗಿ ವ್ಯಾಸ ನಂಬುವುದಕ್ಕಿಂತ ತಕ್ಕಡಿ ಹಿಡಿಯುವುದೇ ಸರಿ. ಗಟ್ಟಿ ಗುಂಡುಗಳಾದರೆ ಇಪ್ಪತ್ತೂ ಸೇರಿ ಸುಮಾರು 5 ಗ್ರಾಂ ತೂಗುತ್ತವೆ, ಅಂದರೆ 0.6 ಮಿ.ಮೀ. ತಂತಿಗೆ ಗ್ರಾಮಿಗೆ 20 ಸೆಂಟಿಮೀಟರ್. ಗುಂಡು ಪೊಳ್ಳಿರಲಿ, ಗಟ್ಟಿಯಿರಲಿ, ಕರಗಿಸಿದ ಗಟ್ಟಿಯನ್ನು ತೂಗಿ ಇಪ್ಪತ್ತರಿಂದ ಗುಣಿಸಿದರೆ ಎಷ್ಟು ಸೆಂಟಿಮೀಟರ್ ತಂತಿ ಬರುತ್ತದೆಂದು ಎಳೆಯುವ ಮುಂಚೆಯೇ ಹೇಳಬಹುದು.